ಶೇ. 51 ಎಲ್ಲಿಂದ ಬಂತು? ಒಂದು ಪುಟ್ಟ ತರಗತಿ ಅಧ್ಯಯನದ ಶೀರ್ಷಿಕೆ, ಸಾರಾಂಶ ಬಿಚ್ಚಿ ಹೊಲಿದ ಪ್ರಕರಣ

ಗಣಿತ ಹೇಳಿಕೊಡುವ ನಮ್ಮ ಮೇಡಂ ಒಬ್ಬರು ಹದಿನಾಲ್ಕು ಪುಟದ ವರದಿ ತಂದು ನನ್ನ ಮೇಜಿನ ಮೇಲಿಟ್ಟರು. ಕಳಿಸಿದ ಕಡೆಯಿಂದ ವಾಪಸ್ ಬಂದಿತ್ತು. ಮೊದಲ ಪುಟದ ಮೇಲೆ ಪೆನ್ಸಿಲಿನಲ್ಲಿ ಒಂದೇ ಸಾಲು: "ಸಾರಾಂಶ ಓದಿದರೆ ಏನು ಮಾಡಿದ್ದಾರೆಂದು ತಿಳಿಯುವುದಿಲ್ಲ."

"ಒಳಗೆ ಎಲ್ಲಾ ಇದೆಯಲ್ಲ ಸರ್, ಪೂರ್ತಿ ಓದಿದ್ರೆ ಗೊತ್ತಾಗುತ್ತೆ" ಅಂದರು ಮೇಡಂ. ಅವರು ಹೇಳಿದ್ದು ನಿಜ. ಒಳಗೆ ಎಲ್ಲಾ ಇತ್ತು. ಸಮಸ್ಯೆ ಏನೆಂದರೆ ಒಳಗೆ ಹೋಗಬೇಕೋ ಬೇಡವೋ ಅಂತ ಓದುವವರು ತೀರ್ಮಾನ ಮಾಡುವುದೇ ಶೀರ್ಷಿಕೆ ಮತ್ತು ಸಾರಾಂಶ ನೋಡಿ. ಅಲ್ಲಿ ಏನೂ ಸಿಗದಿದ್ದರೆ ಒಂಬತ್ತನೇ ಪುಟದಲ್ಲಿ ಚಿನ್ನ ಇಟ್ಟರೂ ಅಷ್ಟೆ. ಈ ವರದಿಯ ಒಂಬತ್ತನೇ ಪುಟದಲ್ಲಿ ನಿಜವಾಗಿಯೂ ಚಿನ್ನ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಮೇಡಂ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮಕ್ಕಳ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಆದರೆ ಆದ ತಪ್ಪುಗಳು, ಅವನ್ನು ತಿದ್ದಿದ ರೀತಿ ಇದ್ದ ಹಾಗೇ ಇವೆ.

ಅವರು ಮಾಡಿದ್ದೇನು

ಏಳನೇ ತರಗತಿಯ ಒಂದು ವಿಭಾಗ, 34 ಮಕ್ಕಳು. ಪಾಠ ಭಿನ್ನರಾಶಿ. ವಾರಕ್ಕೆ ನಾಲ್ಕು ದಿನ, ಪಾಠ ಮುಗಿಯಲು ಐದು ನಿಮಿಷ ಇರುವಾಗ ಮೇಡಂ ಬೋರ್ಡಿನ ಮೇಲೆ ಒಂದೇ ಒಂದು ಲೆಕ್ಕ ಬರೆಯುತ್ತಿದ್ದರು. ಮಕ್ಕಳು ಅಂಗೈಯಗಲದ ಚೀಟಿಯಲ್ಲಿ ಅದನ್ನು ಬಿಡಿಸಿ, ಬಾಗಿಲ ಹತ್ತಿರದ ಡಬ್ಬಿಗೆ ಹಾಕಿ ಹೋಗಬೇಕು. ಎಕ್ಸಿಟ್ ಸ್ಲಿಪ್ ಅಂತ ಕರೆಯುತ್ತಾರಲ್ಲ, ಅದೇ. ಸಂಜೆ ಮೇಡಂ ಚೀಟಿಗಳನ್ನು ತಪ್ಪಿನ ಬಗೆಗೆ ತಕ್ಕಂತೆ ಗುಂಪು ಮಾಡುತ್ತಿದ್ದರು. ಮರುದಿನದ ಪಾಠ ಶುರುವಾಗುತ್ತಿದ್ದದ್ದೇ ಹಿಂದಿನ ದಿನದ ದೊಡ್ಡ ಗುಂಪಿನ ತಪ್ಪಿನಿಂದ. ಇದು ಆರು ವಾರ ನಡೆಯಿತು. ಮೊದಲು ಒಂದು 20 ಅಂಕದ ಪರೀಕ್ಷೆ, ಕೊನೆಗೆ ಅದೇ ಮಾದರಿಯ ಇನ್ನೊಂದು. ಅಷ್ಟೇ. ಅಚ್ಚುಕಟ್ಟಾದ ಕೆಲಸ.

ಇದನ್ನು ತಲೆಯಲ್ಲಿಟ್ಟುಕೊಂಡು ಅವರು ಕೊಟ್ಟ ಶೀರ್ಷಿಕೆ ನೋಡಿ:

> ನವೀನ ಬೋಧನಾ ತಂತ್ರದ ಮೂಲಕ ವಿದ್ಯಾರ್ಥಿಗಳ ಗಣಿತ ಸಾಮರ್ಥ್ಯದ ಸಂವರ್ಧನೆ: ಒಂದು ಅಧ್ಯಯನ

ಸಾರಾಂಶ ಹೀಗಿತ್ತು:

> ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ ಗಣಿತವು ಅತ್ಯಂತ ಮಹತ್ವದ ವಿಷಯವಾಗಿದೆ. ಗಣಿತವು ತಾರ್ಕಿಕ ಚಿಂತನೆಯನ್ನು ಬೆಳೆಸುತ್ತದೆ. ಆದರೆ ಅನೇಕ ವಿದ್ಯಾರ್ಥಿಗಳು ಗಣಿತವನ್ನು ಕಠಿಣವೆಂದು ಭಾವಿಸುತ್ತಾರೆ. ಈ ಹಿನ್ನೆಲೆಯಲ್ಲಿ ನವೀನ ಬೋಧನಾ ತಂತ್ರವೊಂದನ್ನು ಅಳವಡಿಸಿ ಅದರ ಪರಿಣಾಮಕಾರಿತ್ವವನ್ನು ಅಧ್ಯಯನ ಮಾಡಲಾಯಿತು. ಪೂರ್ವ ಪರೀಕ್ಷೆ ಹಾಗೂ ಉತ್ತರ ಪರೀಕ್ಷೆಗಳನ್ನು ನಡೆಸಿ ದತ್ತಾಂಶವನ್ನು ವಿಶ್ಲೇಷಿಸಲಾಯಿತು. ವಿದ್ಯಾರ್ಥಿಗಳ ಸಾಧನೆಯಲ್ಲಿ ಶೇ. 51ರಷ್ಟು ಗಣನೀಯ ಸುಧಾರಣೆ ಕಂಡುಬಂದಿದ್ದು, ಅವರ ಆತ್ಮವಿಶ್ವಾಸವೂ ಹೆಚ್ಚಿರುತ್ತದೆ. ಆದ್ದರಿಂದ ಈ ತಂತ್ರವನ್ನು ಎಲ್ಲಾ ಶಾಲೆಗಳಲ್ಲೂ ಅಳವಡಿಸಿಕೊಳ್ಳಬಹುದು ಎಂದು ಶಿಫಾರಸು ಮಾಡಲಾಗಿದೆ.

ಏಳು ವಾಕ್ಯ. ಚೀಟಿ ಅನ್ನೋ ಪದವೇ ಇಲ್ಲ. ಭಿನ್ನರಾಶಿ ಇಲ್ಲ. ಎಷ್ಟು ಮಕ್ಕಳು, ಎಷ್ಟು ದಿನ, ಯಾವ ತರಗತಿ, ಒಂದೂ ಇಲ್ಲ. ಮೊದಲ ಮೂರು ವಾಕ್ಯಗಳನ್ನು ಗಣಿತದ ಬಗ್ಗೆ ಯಾರು ಬರೆದ ವರದಿಗೆ ಬೇಕಾದರೂ ಅಂಟಿಸಬಹುದು. ವಿಜ್ಞಾನ ಅಂತ ತಿದ್ದಿದರೆ ಅಲ್ಲಿಗೂ ನಡೆಯುತ್ತದೆ. ನಾವೆಲ್ಲ ಭಾಷಣ ಕೇಳಿ ಬೆಳೆದವರು, ವಿಷಯಕ್ಕೆ ಬರುವ ಮುಂಚೆ ಒಂದು ಸುತ್ತು ಪೀಠಿಕೆ ಹಾಕದಿದ್ದರೆ ಏನೋ ಮರ್ಯಾದೆ ತಪ್ಪಿದ ಹಾಗೆ ಅನಿಸುತ್ತದೆ. ಪೀಠಿಕೆ ವರದಿಯ ಒಳಗೆ ಇರಲಿ, ಅಲ್ಲಿ ಅದಕ್ಕೆ ಜಾಗ ಇದೆ.

ಪುಟದ ನಂಬರ್ ಹಾಕುವ ಕೆಲಸ

ಹೊಸದಾಗಿ ಬರೆಯುವ ಮುಂಚೆ ಒಂದು ಕೆಲಸ ಮಾಡಿದೆವು. ಸಾರಾಂಶದ ಪ್ರತಿ ಮಾತಿನ ಕೆಳಗೂ ಪೆನ್ಸಿಲಿನಲ್ಲಿ ಗೆರೆ ಎಳೆದು, ಅದು ವರದಿಯ ಯಾವ ಪುಟದಲ್ಲಿದೆ ಅಂತ ನಂಬರ್ ಹಾಕುತ್ತಾ ಹೋದೆವು. ನಂಬರ್ ಸಿಗದ ಮಾತಿಗೆ ಸೊನ್ನೆ.

ಮೊದಲ ಸೊನ್ನೆ ಬಿದ್ದದ್ದು ಆತ್ಮವಿಶ್ವಾಸಕ್ಕೆ. "ಎಲ್ಲಿ ಅಳೆದಿದ್ದೀರಿ ಮೇಡಂ?" ಅಂತ ಕೇಳಿದೆ. "ಅಳೆಯೋದೇನು ಸರ್, ಮಕ್ಕಳು ಕೈ ಎತ್ತೋದು ಜಾಸ್ತಿ ಆಯ್ತು, ಕಣ್ಣಲ್ಲೇ ಕಾಣ್ತಿತ್ತು" ಅಂದರು. ನಾನು ನಂಬುತ್ತೇನೆ. ಆದರೆ ಎಷ್ಟು ಸಲ ಕೈ ಎತ್ತಿದರು ಅಂತ ಅವರು ಎಣಿಸಿರಲಿಲ್ಲ, ಮಕ್ಕಳನ್ನು ಕೇಳಿರಲಿಲ್ಲ, ವರದಿಯ ಒಳಗೆ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ವರದಿಯಲ್ಲಿ ಇಲ್ಲದ್ದು ಸಾರಾಂಶದಲ್ಲಿ ಹೇಗೆ ಬರುತ್ತದೆ? ತೆಗೆದೆವು. ಕೈ ಎತ್ತಿದ ಮಾತನ್ನು ಒಳಗೆ, ಶಿಕ್ಷಕಿಯ ಅನಿಸಿಕೆ ಅಂತ ಸ್ಪಷ್ಟವಾಗಿ ಹೇಳಿ ಎರಡು ಸಾಲಲ್ಲಿ ಸೇರಿಸಿದರು.

ಎರಡನೇ ಸೊನ್ನೆ ಎಲ್ಲಾ ಶಾಲೆಗಳಿಗೆ. ಒಂದು ವಿಭಾಗದಲ್ಲಿ, ಒಬ್ಬರೇ ಶಿಕ್ಷಕಿ, ಆರು ವಾರ ಮಾಡಿದ್ದನ್ನು ಇಟ್ಟುಕೊಂಡು ಊರಿಗೆಲ್ಲಾ ಶಿಫಾರಸು ಮಾಡಲು ಬರುವುದಿಲ್ಲ. ಮೇಡಂ ಇದಕ್ಕೆ ತಕರಾರು ಮಾಡಲಿಲ್ಲ. "ಕೊನೇಲಿ ಒಂದು ಶಿಫಾರಸು ಇರಬೇಕು ಅಂತ ಅಂದ್ಕೊಂಡಿದ್ದೆ" ಅಂದರು, ಅಷ್ಟೇ.

ಆಮೇಲೆ ಶೇ. 51. ಇದಕ್ಕೆ ಪುಟದ ನಂಬರ್ ಸಿಕ್ಕಿತು, ಎಂಟನೇ ಪುಟದ ಕೋಷ್ಟಕ. ಅಲ್ಲಿ ಮೊದಲ ಪರೀಕ್ಷೆಯ ಸರಾಸರಿ 8.4, ಕೊನೆಯದರ ಸರಾಸರಿ 12.7 ಅಂತಿತ್ತು. ಏರಿದ್ದು 4.3 ಅಂಕ. 4.3ನ್ನು 8.4ರಿಂದ ಭಾಗಿಸಿದರೆ ಶೇ. 51. ಲೆಕ್ಕ ಸರಿಯಾಗಿದೆ, ಅಲ್ವಾ? ನನಗೂ ಹಾಗೇ ಅನಿಸಿತು. ಕೋಷ್ಟಕದ ಪಕ್ಕದ ಕಾಲಂ ನೋಡುವವರೆಗೆ.

ಮೊದಲ ಪರೀಕ್ಷೆ ಬರೆದವರು 34. ಕೊನೆಯದನ್ನು ಬರೆದವರು 31.

ಮೂರು ಮಕ್ಕಳು ಕೊನೆಯ ಪರೀಕ್ಷೆಯ ದಿನ ಬಂದಿರಲಿಲ್ಲ. ಅವರ ಮೊದಲ ಪರೀಕ್ಷೆಯ ಅಂಕ ತೆಗೆದು ನೋಡಿದೆವು: 4, 3, 3. ತರಗತಿಯಲ್ಲೇ ಕಡಿಮೆ ಅಂಕದ ಮೂವರು. ಮೊದಲ ಸರಾಸರಿಯಲ್ಲಿ ಈ ಮೂವರೂ ಇದ್ದಾರೆ, ಅದನ್ನು ಕೆಳಗೆ ಎಳೆದಿದ್ದಾರೆ. ಎರಡನೇ ಸರಾಸರಿಯಲ್ಲಿ ಇಲ್ಲ. ಅಂದರೆ ಯಾರಿಗೂ ಒಂದು ಅಂಕವೂ ಜಾಸ್ತಿ ಬರದಿದ್ದರೂ ಸರಾಸರಿ ಮಾತ್ರ ತಾನೇ ಏರುತ್ತಿತ್ತು. 34 ಮಕ್ಕಳ ಒಟ್ಟು ಅಂಕ 286. ಆ ಮೂವರ ಹತ್ತು ಅಂಕ ತೆಗೆದರೆ 276. ಅದನ್ನು 31ರಿಂದ ಭಾಗಿಸಿದರೆ 8.9. ಎರಡೂ ಪರೀಕ್ಷೆ ಬರೆದ ಮಕ್ಕಳನ್ನಷ್ಟೇ ಹೋಲಿಸಿದರೆ 8.9ರಿಂದ 12.7ಕ್ಕೆ, ಅಂದರೆ 3.8 ಅಂಕ ಏರಿದೆ. ಅರ್ಧ ಅಂಕ ಗಾಳಿಯಲ್ಲಿ ಹೋಯಿತು.

ಇಂಥ ಕಡೆ ಗುರುತು ಹಿಡಿಯುವುದು ಕಷ್ಟವಲ್ಲ. ಎರಡು ಸರಾಸರಿ ಅಕ್ಕಪಕ್ಕ ಕಂಡರೆ ಮೊದಲು ಕೇಳಬೇಕಾದ್ದು "ಎರಡರಲ್ಲೂ ಅವೇ ಮಕ್ಕಳಾ?" ಅಂತ. ಸಣ್ಣ ತರಗತಿಯಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಮೂವರು ಅಂದರೆ ಹತ್ತಿರ ಹತ್ತಿರ ಹತ್ತರಲ್ಲಿ ಒಬ್ಬರು.

ಶೇಕಡಾವಾರು ಹೇಳುವುದರಲ್ಲೂ ಒಂದು ಮೋಸ ಇದೆ, ಬೇಕು ಅಂತ ಮಾಡಿದ ಮೋಸ ಅಲ್ಲ. 3.8 ಅಂಕವನ್ನು 8.9ಕ್ಕೆ ಹೋಲಿಸಿದರೆ ಶೇ. 43. ಅದೇ 3.8 ಅಂಕ 20ರ ಪರೀಕ್ಷೆಯಲ್ಲಿ ಎಷ್ಟು ಪಾಲು ಅಂದರೆ ಶೇ. 19. ಸಾರಾಂಶ ಓದುವವರಿಗೆ ಯಾವುದರ ಮೇಲಿನ ಶೇಕಡಾ ಅಂತ ಗೊತ್ತಾಗುವುದೇ ಇಲ್ಲ. ಎರಡು ಅಂಕ ತೆಗೆದ ಮಗು ನಾಲ್ಕಕ್ಕೆ ಬಂದರೆ ಶೇ. 100 ಏರಿಕೆ, ಹದಿನಾರರ ಮಗು ಹದಿನೆಂಟಕ್ಕೆ ಬಂದರೆ ಶೇ. 12.5, ಏರಿದ್ದು ಇಬ್ಬರಿಗೂ ಎರಡೇ ಅಂಕ. ಅದಕ್ಕೇ ಇಂಥ ಸಣ್ಣ ವರದಿಯಲ್ಲಿ ಶೇಕಡಾ ಬಿಟ್ಟು ಅಂಕವನ್ನೇ ಹೇಳುವುದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ: 20ಕ್ಕೆ 8.9 ಇದ್ದದ್ದು 12.7 ಆಯಿತು. ಓದುವವರು ತಾವೇ ತೂಗಿ ನೋಡುತ್ತಾರೆ. ಸರಾಸರಿಯ ಜೊತೆಗೆ ಇನ್ನೊಂದು ಎಣಿಕೆ ಹಾಕಿದೆವು: 31ರಲ್ಲಿ 25 ಮಕ್ಕಳ ಅಂಕ ಏರಿತು, 4 ಮಕ್ಕಳದ್ದು ಅಲ್ಲೇ ನಿಂತಿತು, 2 ಮಕ್ಕಳದ್ದು ಇಳಿಯಿತು. ಇಳಿದ ಇಬ್ಬರನ್ನು ಬರೆಯಬೇಕಾ ಅಂತ ಮೇಡಂ ಸ್ವಲ್ಪ ಹಿಂದೆಮುಂದೆ ನೋಡಿದರು. ಬರೆದರೆ ಉಳಿದ 25ಕ್ಕೆ ಬೆಲೆ ಬರುತ್ತದೆ ಅಂತ ಹೇಳಿದೆ.

"ಗಣನೀಯ" ಅನ್ನೋ ಪದದ ಬಗ್ಗೆಯೂ ಒಂದು ಮಾತು. ಮಾತಿನಲ್ಲಿ ಗಣನೀಯ ಅಂದರೆ ಸಾಕಷ್ಟು, ಲೆಕ್ಕಕ್ಕೆ ಇಟ್ಟುಕೊಳ್ಳುವಷ್ಟು. ಆದರೆ ಸಂಶೋಧನಾ ವರದಿಯಲ್ಲಿ ಅದನ್ನು ನೋಡಿದವರು, ಇವರು ಟಿ-ಪರೀಕ್ಷೆಯೋ ಮತ್ತೊಂದೋ ಸಂಖ್ಯಾಶಾಸ್ತ್ರದ ಲೆಕ್ಕ ಮಾಡಿ, ಈ ವ್ಯತ್ಯಾಸ ಬರೀ ಆಕಸ್ಮಿಕ ಏರಿಳಿತ ಇರಲಿಕ್ಕಿಲ್ಲ ಅಂತ ನೋಡಿದ್ದಾರೆ ಅಂದುಕೊಳ್ಳುತ್ತಾರೆ. ಮೇಡಂ ಅಂಥದ್ದೇನೂ ಮಾಡಿರಲಿಲ್ಲ. ಮಾಡಿದ್ದರೂ ಅದು ವ್ಯತ್ಯಾಸ ಇದೆ ಅಂತ ಹೇಳುತ್ತಿತ್ತೇ ಹೊರತು, ಚೀಟಿಯಿಂದಲೇ ಆಯಿತು ಅಂತ ಹೇಳುತ್ತಿರಲಿಲ್ಲ. ಪದ ತೆಗೆದೆವು.

ಒಂಬತ್ತನೇ ಪುಟ

ಪುಟದ ನಂಬರ್ ಹಾಕುವಾಗ ಉಲ್ಟಾ ಕಡೆಯಿಂದಲೂ ಒಂದು ಸಂಗತಿ ಬಯಲಾಯಿತು. ಒಂಬತ್ತು, ಹತ್ತು, ಹನ್ನೊಂದನೇ ಪುಟಗಳ ನಂಬರ್ ಸಾರಾಂಶದಲ್ಲಿ ಎಲ್ಲೂ ಬರಲೇ ಇಲ್ಲ. ಹಾಗಾದರೆ ಆ ಮೂರು ಪುಟಗಳಲ್ಲಿ ಏನಿದೆ?

ಚೀಟಿಗಳು ಇದ್ದವು. ಮೊದಲ ವಾರದ ಎರಡನೇ ದಿನ ಕೊಟ್ಟ ಲೆಕ್ಕ 1/2 + 1/3. ಆ ದಿನ ಚೀಟಿ ಹಾಕಿದ 33 ಮಕ್ಕಳಲ್ಲಿ 19 ಮಕ್ಕಳು ಬರೆದ ಉತ್ತರ 2/5. ಅಂಶಕ್ಕೆ ಅಂಶ ಕೂಡಿ, ಛೇದಕ್ಕೆ ಛೇದ ಕೂಡಿದ್ದಾರೆ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗಲು ಹೇಗೆ ಸಾಧ್ಯ ಅಂತ ಅವರಿಗೆ ಹೊಳೆದಿಲ್ಲ. ಮೇಡಂ ಮರುದಿನ ಪಾಠ ಶುರು ಮಾಡಿದ್ದೇ ಈ ಪ್ರಶ್ನೆಯಿಂದ: 2/5 ದೊಡ್ಡದೋ, 1/2 ದೊಡ್ಡದೋ? ಕೊನೆಯ ವಾರ ಅದೇ ಬಗೆಯ ಲೆಕ್ಕ ಮತ್ತೆ ಕೊಟ್ಟರು, 2/3 + 1/4. ಆ ದಿನ 32 ಚೀಟಿಗಳಲ್ಲಿ 3/7 ಅಂತ ಬರೆದವರು 6 ಮಕ್ಕಳು.

19 ಇದ್ದದ್ದು 6. ಅದೂ ಯಾವ ತಪ್ಪು, ಎಂಥ ತಪ್ಪು ಅಂತ ಬೆರಳಿಟ್ಟು ತೋರಿಸುವ ಹಾಗೆ. ಹದಿನಾಲ್ಕು ಪುಟದಲ್ಲಿ ಬೇರೆ ಶಿಕ್ಷಕರಿಗೆ ಬೇಕಾದ ವಿಷಯ ಇದೇ. ಸರಾಸರಿ ಅಂಕ ಏರಿತು ಅನ್ನೋದನ್ನು ಯಾರು ಬೇಕಾದರೂ ಹೇಳುತ್ತಾರೆ. ಈ ತಪ್ಪು ಚೀಟಿಯಲ್ಲಿ ಹೀಗೆ ಕಾಣಿಸಿತು, ಮರುದಿನ ಹೀಗೆ ಎತ್ತಿಕೊಂಡೆ, ಆರು ವಾರದ ಮೇಲೆ ಇಷ್ಟು ಉಳಿಯಿತು ಅನ್ನೋದನ್ನು ಚೀಟಿ ಎಣಿಸಿದವರೇ ಹೇಳಬೇಕು. ಅದನ್ನು ಸಾರಾಂಶದಲ್ಲಿ ಯಾಕೆ ಹಾಕಲಿಲ್ಲ ಅಂತ ಕೇಳಿದರೆ ಮೇಡಂ, "ಅದು ಸಣ್ಣ ವಿಷಯ ಅನ್ನಿಸ್ತು ಸರ್, ಸಾರಾಂಶದಲ್ಲಿ ದೊಡ್ಡದು ಹೇಳ್ಬೇಕಲ್ವಾ" ಅಂದರು. ಇಡೀ ಪ್ರಕರಣದ ಬೇರು ಈ ಮಾತಿನಲ್ಲಿದೆ ಅಂತ ನನಗೆ ಅನಿಸಿದ್ದು. ಕೆಲಸ ಚಿಕ್ಕದು ಅಂತ ಒಳಗೊಳಗೇ ಅಳುಕು ಇರುತ್ತದೆ, ಅದನ್ನು ಮುಚ್ಚಲು ದೊಡ್ಡ ಪದ ಹೊದಿಸುತ್ತೇವೆ, ಆ ಹೊದಿಕೆಯ ಅಡಿಯಲ್ಲಿ ಕೆಲಸವೇ ಕಾಣದೆ ಹೋಗುತ್ತದೆ.

ಶೀರ್ಷಿಕೆಗೆ ನಾನೇ ಮಾಡಿದ ತಪ್ಪು

ಶೀರ್ಷಿಕೆಯನ್ನು ಮೊದಲು ನಾನೇ ತಿದ್ದಿ ಕೊಟ್ಟೆ. "ನವೀನ ಬೋಧನಾ ತಂತ್ರ" ಅಂದರೆ ಯಾವುದು ಅಂತ ಹೇಳಿ, "ಗಣಿತ ಸಾಮರ್ಥ್ಯ" ಅಂದರೆ ಗಣಿತದಲ್ಲಿ ಏನು ಅಂತ ಹೇಳಿ, "ಒಂದು ಅಧ್ಯಯನ" ಬಿಡಿ, ವರದಿ ಅಂದಮೇಲೆ ಅಧ್ಯಯನವೇ ತಾನೆ. ಹೀಗೆ ಬಂತು:

> ಭಿನ್ನರಾಶಿ ಕಲಿಕೆಯ ಮೇಲೆ ಪಾಠದ ಕೊನೆಯ ಚೀಟಿಗಳ ಪರಿಣಾಮ

ಚಿಕ್ಕದಾಗಿದೆ, ಚೊಕ್ಕವಾಗಿದೆ. ನನಗೇ ಖುಷಿಯಾಯಿತು. ವಿಜ್ಞಾನ ಹೇಳಿಕೊಡುವ ಇನ್ನೊಬ್ಬ ಸಹೋದ್ಯೋಗಿಗೆ ತೋರಿಸಿದೆವು, ವರದಿ ಕೊಡಲಿಲ್ಲ, ಶೀರ್ಷಿಕೆ ಮಾತ್ರ. ಅವರು ಒಂದು ಸಲ ಓದಿ ಕೇಳಿದ್ದು ಒಂದೇ ಪ್ರಶ್ನೆ: "ಚೀಟಿ ಇಲ್ಲದ ಕ್ಲಾಸ್ ಜೊತೆ ಹೋಲಿಸಿದ್ರಾ?"

ಇಲ್ಲ. ಹೋಲಿಸಿರಲಿಲ್ಲ. ಮೇಡಂಗೆ ಇದ್ದದ್ದೇ ಒಂದು ವಿಭಾಗ.

"ಪರಿಣಾಮ" ಅಂತ ಶೀರ್ಷಿಕೆಯಲ್ಲಿ ಹಾಕಿದರೆ, ಇದರಿಂದ ಅದಾಯಿತು ಅಂತ ಮಾತು ಕೊಟ್ಟ ಹಾಗೆ. ಆ ಮಾತು ಉಳಿಸಿಕೊಳ್ಳಲು ಚೀಟಿ ಇಲ್ಲದೆ ಅದೇ ಪಾಠ ನಡೆದ ಇನ್ನೊಂದು ಗುಂಪು ಬೇಕಿತ್ತು. ಇಲ್ಲಿ ಒಂದೇ ಗುಂಪು, ಮೊದಲೊಂದು ಪರೀಕ್ಷೆ, ಆಮೇಲೊಂದು ಪರೀಕ್ಷೆ. ಆ ಆರು ವಾರದಲ್ಲಿ ಚೀಟಿ ಒಂದೇ ನಡೆದದ್ದಲ್ಲ, ಭಿನ್ನರಾಶಿಯ ಪಾಠವೂ ನಡೆಯಿತು! ಪಾಠ ಮಾಡಿದರೆ ತಪ್ಪು ಕಡಿಮೆ ಆಗಲೇಬೇಕು. ಜೊತೆಗೆ ಎರಡನೇ ಪರೀಕ್ಷೆ ಮೊದಲನೆಯದರ ಮಾದರಿಯಲ್ಲೇ ಇತ್ತು, ಪ್ರಶ್ನೆಯ ಪರಿಚಯದಿಂದಲೂ ಒಂದೆರಡು ಅಂಕ ಏರಿರಬಹುದು. ಇವುಗಳಲ್ಲಿ ಚೀಟಿಯ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ಈ ಅಧ್ಯಯನಕ್ಕೆ ಆಗುವುದಿಲ್ಲ. ಹಾಗಂತ ಅಧ್ಯಯನ ದಂಡ ಅಂತಲ್ಲ. ಅದು ಉತ್ತರ ಕೊಡುವ ಪ್ರಶ್ನೆಯೇ ಬೇರೆ: ಚೀಟಿಯಲ್ಲಿ ಯಾವ ತಪ್ಪು ಸಿಕ್ಕಿತು, ಅದು ಹೇಗೆ ಬದಲಾಗುತ್ತಾ ಹೋಯಿತು.

"ಪರಿಣಾಮ", "ಪ್ರಭಾವ", "ಪರಿಣಾಮಕಾರಿತ್ವ", "ಸಂವರ್ಧನೆ". ಈ ನಾಲ್ಕೂ ಒಂದೇ ಜಾತಿಯ ಪದಗಳು. ಹೋಲಿಕೆಯ ಗುಂಪು ಇಲ್ಲದೆ ಇವುಗಳಲ್ಲಿ ಒಂದು ಶೀರ್ಷಿಕೆಯಲ್ಲಿ ಕಂಡರೆ ನಾನು ಈಗ ಪೆನ್ಸಿಲ್ ತೆಗೆಯುತ್ತೇನೆ. ಆ ದಿನ ನಾನೇ ಹಾಕಿದ್ದೆ ಅನ್ನೋದು ಬೇರೆ ಮಾತು.

ಮೇಡಂ ತಾವೇ ಒಂದು ಬರೆದು ತಂದರು: "ಡಬ್ಬಿಯಲ್ಲಿ ಬಿದ್ದ ತಪ್ಪುಗಳು". ಕೇಳಲು ಚಂದ. ಕಥೆಗೆ ಇಡಬಹುದಾದ ಹೆಸರು. ಆದರೆ ಭಿನ್ನರಾಶಿ ಅಂತ ಹುಡುಕುವವರಿಗೆ ಇದು ಸಿಗುವುದಿಲ್ಲ, ಪಟ್ಟಿಯಲ್ಲಿ ಕಣ್ಣಿಗೆ ಬಿದ್ದರೂ ಏನು ಅಂತ ತಿಳಿಯುವುದಿಲ್ಲ. ಹುಡುಕುವವರು ಟೈಪ್ ಮಾಡುವ ಪದ ಶೀರ್ಷಿಕೆಯಲ್ಲಿ ಇರಲೇಬೇಕು.

ಮೂರನೇ ಸುತ್ತಿನಲ್ಲಿ ಎಲ್ಲವನ್ನೂ ತುಂಬಿಸಲು ಹೋಗಿ ಹೀಗಾಯಿತು: "ಏಳನೇ ತರಗತಿಯ ಒಂದು ವಿಭಾಗದ ವಿದ್ಯಾರ್ಥಿಗಳ ಭಿನ್ನರಾಶಿಗಳ ಸಂಕಲನದ ತಪ್ಪುಗಳ ಗುರುತಿಸುವಿಕೆಯಲ್ಲಿ ಪಾಠದ ಕೊನೆಯ ಚೀಟಿಗಳ ಬಳಕೆ". ಒಂದು ಸಲ ಜೋರಾಗಿ ಓದಿ ನೋಡಿ, ಉಸಿರು ಸಿಕ್ಕಿಕೊಳ್ಳುತ್ತದೆ. ಕನ್ನಡದಲ್ಲಿ ಮುಖ್ಯ ಪದ ಕೊನೆಗೆ ಬರುತ್ತದೆ, ಅದರ ವಿಶೇಷಣಗಳೆಲ್ಲ ಎಡಕ್ಕೆ ಸಾಲುಗಟ್ಟುತ್ತವೆ. ಯಾರ, ಯಾವುದರ, ಯಾವುದರ ಅಂತ ನಾಲ್ಕೈದು ಷಷ್ಠಿ ಒಂದರ ಹಿಂದೆ ಒಂದು ನಿಂತರೆ, ಓದುವವರು ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡೇ ಕೊನೆಯ ಪದದವರೆಗೆ ನಡೆಯಬೇಕು. ಅದಕ್ಕೆ ನಾವು ಕಂಡುಕೊಂಡ ದಾರಿ ಎರಡು ಬಿಂದು. ಏನು ಮಾಡಿದ್ದು ಅನ್ನೋದು ಬಿಂದುವಿನ ಎಡಕ್ಕೆ, ಎಲ್ಲಿ, ಎಷ್ಟು ದಿನ ಅನ್ನೋದು ಬಲಕ್ಕೆ:

> ಪಾಠದ ಕೊನೆಯ ಚೀಟಿಯಿಂದ ಭಿನ್ನರಾಶಿ ಸಂಕಲನದ ತಪ್ಪುಗಳನ್ನು ಗುರುತಿಸಿ ಚರ್ಚಿಸುವುದು: ಏಳನೇ ತರಗತಿಯ ಒಂದು ವಿಭಾಗದಲ್ಲಿ ಆರು ವಾರ

"ಗುರುತಿಸುವಿಕೆ" ಹೋಗಿ "ಗುರುತಿಸಿ" ಬಂದ ಕೂಡಲೇ ಎಷ್ಟು ಹಗುರಾಯಿತು ನೋಡಿ. ತಪ್ಪು "ತಿದ್ದುವುದು" ಅಂತ ಹಾಕೋಣವೇ ಅಂತ ಮೇಡಂ ಕೇಳಿದರು. ತಿದ್ದಿತು ಅಂದರೆ ಮತ್ತೆ ಪರಿಣಾಮದ ಮನೆಗೇ ಹಿತ್ತಿಲ ಬಾಗಿಲಿಂದ ಹೋದ ಹಾಗೆ. ಚರ್ಚಿಸಿದ್ದು ಮಾತ್ರ ಖಚಿತ. ಶಾಲೆಯ ಹೆಸರನ್ನು ಶೀರ್ಷಿಕೆಗೆ ಸೇರಿಸಲಿಲ್ಲ. ಒಂದು ಶಾಲೆ, ಒಂದು ತರಗತಿ, ಒಂದು ವಿಭಾಗ ಅಂತ ಹೇಳಿಬಿಟ್ಟರೆ ಅಂಕ ಇಳಿದ ಇಬ್ಬರು ಯಾರು ಅಂತ ಆ ಊರಿನವರು ಮಧ್ಯಾಹ್ನದೊಳಗೆ ಪತ್ತೆ ಮಾಡುತ್ತಾರೆ.

ಸಾರಾಂಶ ಮತ್ತೆ ಕಟ್ಟಿದ್ದು

ಶೀರ್ಷಿಕೆಗೆ ಹೋಲಿಸಿದರೆ ಇದು ಬೇಗ ಮುಗಿಯಿತು. ಸಾಮಗ್ರಿ ಎಲ್ಲಾ ಮೇಜಿನ ಮೇಲೆ ಇತ್ತಲ್ಲ. ಯಾವ ತೊಂದರೆ, ಯಾರ ಜೊತೆ ಏನು ಮಾಡಿದೆ, ಏನು ಸಿಕ್ಕಿತು, ಎಷ್ಟನ್ನು ಮಾತ್ರ ನಂಬಬಹುದು, ಈ ಕ್ರಮದಲ್ಲಿ ಮೇಡಂ ಬಾಯಲ್ಲಿ ಹೇಳಿದರು, ನಾನು ಬರೆದುಕೊಂಡೆ. ಬಾಯಲ್ಲಿ ಹೇಳಿಸಿದ್ದರಿಂದ ಒಂದು ಲಾಭ ಆಯಿತು: "ಮಾಡಲಾಯಿತು", "ಕಂಡುಬಂದಿರುತ್ತದೆ" ಎಲ್ಲಾ ತಾವಾಗಿಯೇ ಉದುರಿಹೋದವು. "ಚೀಟಿ ಕೊಡಲಾಯಿತು" ಅಂತ ಯಾರೂ ಬಾಯಲ್ಲಿ ಹೇಳುವುದಿಲ್ಲ, "ಮಕ್ಕಳು ಚೀಟಿ ಕೊಟ್ಟರು" ಅಂತಾರೆ. ಯಾರು ಏನು ಮಾಡಿದರು ಅನ್ನೋದು ಆಗ ಮುಚ್ಚಿಹೋಗುವುದಿಲ್ಲ.

ಉದ್ದದ ವಿಷಯದಲ್ಲಿ ಒಂದು ಗೊಂದಲ ಇತ್ತು. ಸಂಶೋಧನಾ ಬರಹಕ್ಕೆ ಬಳಸುವ ಎಪಿಎ ಶೈಲಿಯ 7ನೇ ಆವೃತ್ತಿಯಲ್ಲಿ ಸಾರಾಂಶಕ್ಕೆ ಸಾಮಾನ್ಯವಾಗಿ 250 ಪದದ ಮಿತಿ, ಮೇಡಂ ಅದನ್ನು ಎಲ್ಲೋ ಕೇಳಿ, 250 ತುಂಬಬೇಕು ಅಂತ ತಿಳಿದಿದ್ದರು. ಅದು ಮೇಲಿನ ಮಿತಿ, ತುಂಬಬೇಕಾದ ಕೊಡ ಅಲ್ಲ. ಅದೂ ಅಲ್ಲದೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದ ಬೇಕಾಗುವ ಕಡೆ ಕನ್ನಡದಲ್ಲಿ ಪ್ರತ್ಯಯ ಅಂಟಿ ಒಂದೇ ಪದ ಆಗುತ್ತದೆ, "ಚೀಟಿಗಳಲ್ಲಿ" ಅನ್ನೋದು ನಮಗೆ ಒಂದೇ ಪದ. ಹಾಗಾಗಿ ಕನ್ನಡದಲ್ಲಿ ನೂರು ಚಿಲ್ಲರೆ ಪದಕ್ಕೆ ಎಲ್ಲಾ ಹೇಳಿ ಮುಗಿಯಿತು:

> ಛೇದ ಬೇರೆ ಬೇರೆ ಇರುವ ಭಿನ್ನರಾಶಿಗಳನ್ನು ಕೂಡುವಾಗ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡುವುದು ಮಕ್ಕಳಲ್ಲಿ ಕಾಣುವ ಸಾಮಾನ್ಯ ತಪ್ಪು. ಪಾಠದ ಕೊನೆಯ ಚೀಟಿಯಿಂದ ಇಂಥ ತಪ್ಪುಗಳನ್ನು ಗುರುತಿಸಿ ಮರುದಿನವೇ ಚರ್ಚಿಸಿದರೆ ಅವು ಹೇಗೆ ಬದಲಾಗುತ್ತವೆ ಎಂದು ಈ ಅಧ್ಯಯನದಲ್ಲಿ ನೋಡಿದ್ದೇನೆ. ಏಳನೇ ತರಗತಿಯ ಒಂದು ವಿಭಾಗದ 34 ಮಕ್ಕಳು ಆರು ವಾರ, ವಾರಕ್ಕೆ ನಾಲ್ಕು ದಿನ, ಪಾಠದ ಕೊನೆಯ ಐದು ನಿಮಿಷದಲ್ಲಿ ಒಂದು ಲೆಕ್ಕ ಬಿಡಿಸಿ ಚೀಟಿ ಕೊಟ್ಟರು. ಮರುದಿನದ ಪಾಠ ಆ ಚೀಟಿಗಳಲ್ಲಿ ಹೆಚ್ಚು ಕಂಡ ತಪ್ಪಿನಿಂದ ಆರಂಭವಾಯಿತು. ಮೇಲೆ ಹೇಳಿದ ತಪ್ಪನ್ನು ಮೊದಲ ವಾರ 33 ಮಕ್ಕಳಲ್ಲಿ 19 ಮಕ್ಕಳು ಮಾಡಿದ್ದರು. ಕೊನೆಯ ವಾರ ಅದೇ ಬಗೆಯ ಲೆಕ್ಕದಲ್ಲಿ 32ರಲ್ಲಿ 6 ಮಕ್ಕಳು ಮಾಡಿದರು. ಎರಡೂ ಪರೀಕ್ಷೆ ಬರೆದ 31 ಮಕ್ಕಳ ಸರಾಸರಿ ಅಂಕ 20ಕ್ಕೆ 8.9ರಿಂದ 12.7ಕ್ಕೆ ಏರಿತು, 25 ಮಕ್ಕಳ ಅಂಕ ಹೆಚ್ಚಿತು, 4 ಮಕ್ಕಳದ್ದು ಬದಲಾಗಲಿಲ್ಲ, 2 ಮಕ್ಕಳದ್ದು ಇಳಿಯಿತು. ಹೋಲಿಕೆಗೆ ಬೇರೆ ವಿಭಾಗ ಇರಲಿಲ್ಲ, ಇದೇ ಅವಧಿಯಲ್ಲಿ ಭಿನ್ನರಾಶಿಯ ಪಾಠವೂ ನಡೆದಿತ್ತು; ಹಾಗಾಗಿ ಈ ಬದಲಾವಣೆಯಲ್ಲಿ ಚೀಟಿಯ ಪಾಲು ಎಷ್ಟು ಎಂದು ಹೇಳಲಾಗದು. ಚೀಟಿಗಳನ್ನು ಗುಂಪು ಮಾಡಲು ದಿನಕ್ಕೆ ಸುಮಾರು 15 ನಿಮಿಷ ಬೇಕಾಯಿತು.

ಕೊನೆಯ ವಾಕ್ಯ ಮೇಡಂ ಹಠ ಹಿಡಿದು ಹಾಕಿಸಿದ್ದು. ಅದು ಹನ್ನೆರಡನೇ ಪುಟದಲ್ಲಿತ್ತು, ನಾನು ಸಾರಾಂಶಕ್ಕೆ ಬೇಡ ಅಂದೆ. "ಬೇರೆ ಟೀಚರ್ ಓದಿದ್ರೆ ಮೊದಲು ಕೇಳೋದೇ ಅದು ಸರ್, ದಿನಾ ಎಷ್ಟು ಹೊತ್ತು ಹಿಡಿಯುತ್ತೆ ಅಂತ" ಅಂದರು. ಸರಿ ಅನಿಸಿತು. ಸಾರಾಂಶ ಯಾರಿಗಾಗಿ ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಹೇಳಲಾಗದು" ಅನ್ನೋ ವಾಕ್ಯದ ಬಗ್ಗೆ ಅವರಿಗೆ ಇನ್ನೂ ಅಳುಕು ಇತ್ತು. ನಮ್ಮ ಕೆಲಸವನ್ನು ನಾವೇ ಹಳಿದ ಹಾಗಾಗುವುದಿಲ್ಲವೇ ಅಂತ. ವಿಜ್ಞಾನದ ಸಹೋದ್ಯೋಗಿಗೆ ಮತ್ತೆ ಕೊಟ್ಟೆವು, ಈ ಸಲ ಸಾರಾಂಶದ ಹಾಳೆ ಮಾತ್ರ. ಅವರು ಓದಿದ ಮೇಲೆ ಹಾಳೆ ತಿರುಗಿಸಿಟ್ಟು ಕೇಳಿದೆ: ಯಾರು, ಎಷ್ಟು ಮಂದಿ, ಏನು ಮಾಡಿದರು, ಏನು ಸಿಕ್ಕಿತು, ಏನು ಹೇಳಲು ಬರುವುದಿಲ್ಲ? ಐದಕ್ಕೂ ನೋಡದೆ ಉತ್ತರ ಹೇಳಿದರು. 31 ಅನ್ನೋ ಸಂಖ್ಯೆ ಮಾತ್ರ ನೆನಪಾಗಲಿಲ್ಲ, "ಮೂವತ್ತೊಂದೋ ಮೂವತ್ತೆರಡೋ" ಅಂದರು. ಹೋಲಿಕೆಯ ಗುಂಪಿನ ಪ್ರಶ್ನೆ ಈ ಸಲ ಕೇಳಲಿಲ್ಲ, ಉತ್ತರ ಅಲ್ಲೇ ಇತ್ತಲ್ಲ. ಬದಲಿಗೆ ಕೇಳಿದ್ದು, "ಆ ಉಳಿದ ಆರು ಮಕ್ಕಳಿಗೆ ಏನು ಮಾಡಿದ್ರಿ ಮೇಡಂ?" ಮೇಡಂ ಅದಕ್ಕೆ ಹತ್ತು ನಿಮಿಷ ಉತ್ತರ ಹೇಳಿದರು.

ಕಳಿಸುವ ಮುಂಚೆ ಪ್ರಿಂಟ್ ತೆಗೆದು ಇನ್ನೊಂದು ಸಲ ಪುಟದ ನಂಬರ್ ಹಾಕಿದೆವು. ಎಲ್ಲಾ ಸಿಕ್ಕಿದವು, ಒಂದು ಬಿಟ್ಟು. ಸಾರಾಂಶದಲ್ಲಿ 8.9 ಇತ್ತು, ಎಂಟನೇ ಪುಟದ ಕೋಷ್ಟಕದಲ್ಲಿ ಇನ್ನೂ ಹಳೆಯ 8.4 ಕೂತಿತ್ತು. ಮೇಡಂ ಅದನ್ನು ತಿದ್ದಿ, ಕೋಷ್ಟಕದ ಕೆಳಗೆ ಬಾರದ ಮೂವರ ಬಗ್ಗೆ ಒಂದು ಸಾಲು ಬರೆದು, ಎಂಟನೇ ಪುಟವನ್ನಷ್ಟೇ ಮತ್ತೆ ಪ್ರಿಂಟ್ ತೆಗೆದರು.